ಹೆಬ್ಬಾತು ಇಳಿಯುವಾಗ ಮಾತು ಬೇಡ

ಚಳಿಗಾಲದ ಬೆಳಗು. ಗದಗ ಜಿಲ್ಲೆಯ ಮಾಗಡಿ ಕೆರೆಯ ಮೇಲೆ ‘ಆಂಗ್, ಆಂಗ್’ ಎಂಬ ಮೂಗುದನಿ ಕೇಳುತ್ತದೆ. ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಯಿರುವ ಹೆಬ್ಬಾತುಗಳು ಸಾಲುಗಟ್ಟಿ ಇಳಿಯುತ್ತಿವೆ. ಇದನ್ನು ಚಿತ್ರೀಕರಿಸಿ ಮೂರು ನಿಮಿಷದ ನಿರೂಪಣೆ ಬರೆಯಬೇಕೆಂದುಕೊಳ್ಳಿ. ಎಷ್ಟು ಮಾತು ಬೇಕು?

ಒಂದು ಹಾಳೆಯನ್ನು ಎರಡು ಭಾಗ ಮಾಡಿ, ಎಡಕ್ಕೆ ಚಿತ್ರ, ಬಲಕ್ಕೆ ದನಿ ಬರೆಯಬೇಕು.

ಮೊದಲ 40 ಸೆಕೆಂಡು: ಖಾಲಿ ಕೆರೆ. ಅಲೆಯ ಸದ್ದು, ದೂರದ ಕೂಗು.

ಮುಂದಿನ 15 ಸೆಕೆಂಡು: ದೂರದಲ್ಲಿ ಹಕ್ಕಿಸಾಲು. ನಿರೂಪಕ: “ಇವು ಪಟ್ಟೆತಲೆ ಹೆಬ್ಬಾತುಗಳು. ರಾತ್ರಿ ಹೊಲಗಳಲ್ಲಿ ಮೇದು, ಹಗಲಿನ ವಿಶ್ರಾಂತಿಗೆ ಕೆರೆಗೆ ಮರಳುತ್ತಿವೆ.”

ಮುಂದಿನ 70 ಸೆಕೆಂಡು: ಹಕ್ಕಿಗಳು ಇಳಿಯುತ್ತವೆ. ರೆಕ್ಕೆಯ ಬೀಸು, ಕೂಗು, ನೀರು ಚಿಮ್ಮುವ ಸದ್ದು. ಮಾತಿಲ್ಲ.

ಮುಂದಿನ 20 ಸೆಕೆಂಡು: ತೇಲುವ ಗುಂಪು. ನಿರೂಪಕ: “ಬೇಸಿಗೆಯಲ್ಲಿ ಇವು ಮಂಗೋಲಿಯಾ, ಟಿಬೆಟ್ ಕಡೆಯ ಸರೋವರಗಳ ಬಳಿ ಮರಿ ಮಾಡುತ್ತವೆ. ಚಳಿಗಾಲ ಕಳೆಯಲು ಹಿಮಾಲಯ ದಾಟಿ ಬರುತ್ತವೆ.”

ಕೊನೆಯ 35 ಸೆಕೆಂಡು: ಮತ್ತೆ ಕೆರೆಯ ಸದ್ದು ಮಾತ್ರ.

ಮೂರು ನಿಮಿಷದಲ್ಲಿ ಮಾತಿಗೆ ಸಿಕ್ಕಿದ್ದು ಕೇವಲ 35 ಸೆಕೆಂಡು. ಮಾತು ಬಂದಾಗ ಹಿನ್ನೆಲೆಯ ದನಿಯನ್ನು ತಗ್ಗಿಸಲೇಬೇಕು. ಇಳಿಯುವ ಹೊತ್ತಿಗೇ ಮಾತಾಡಿದರೆ ರೆಕ್ಕೆಯ ಸದ್ದು ಮುಳುಗಿಹೋಗುತ್ತದೆ. ಆದ್ದರಿಂದ ಹೇಳಬೇಕಾದದ್ದನ್ನು ಹಕ್ಕಿ ಇಳಿಯುವ ಮೊದಲು ಅಥವಾ ನಂತರ ಹೇಳಬೇಕು.

ಇಲ್ಲಿ ಎರಡು ತಪ್ಪುಗಳು ಸುಲಭವಾಗಿ ನುಸುಳುತ್ತವೆ. “ಈಗತಾನೇ ಮಂಗೋಲಿಯಾದಿಂದ ಬಂದಿಳಿದವು” ಎನ್ನುವುದು ಒಂದು. ಕ್ಯಾಮೆರಾ ಕಂಡದ್ದು ಹೊಲದಿಂದ ಮರಳುವ ಹಕ್ಕಿಗಳನ್ನು. ವಲಸೆಯ ಕೊನೆಯ ಕ್ಷಣವನ್ನಲ್ಲ. “ಎವರೆಸ್ಟ್ ಶಿಖರದ ಮೇಲೆ ಹಾರಿ ಬಂದವು” ಎನ್ನುವುದು ಇನ್ನೊಂದು. ಉಪಗ್ರಹದ ನೆರವಿನಿಂದ ಹಿಂಬಾಲಿಸಿದಾಗ ಇವು 7,290 ಮೀಟರ್‌ವರೆಗೆ ಏರಿದ್ದು ದಾಖಲಾಗಿದೆ. ಆದರೆ ಹೆಚ್ಚಿನ ದಾರಿಯನ್ನು ಅವು ಕಣಿವೆಗಳನ್ನು ಹಿಡಿದು, ನೆಲದ ಏರಿಳಿತಕ್ಕೆ ತಕ್ಕಂತೆ ಏರಿಳಿಯುತ್ತಲೇ ಸಾಗುತ್ತವೆ.

ದನಿಯಲ್ಲೂ ಇಂಥ ತಪ್ಪು ಇರಬಹುದು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಅಷ್ಟು ದೂರದಲ್ಲಿ ಹೆಬ್ಬಾತು ನೀರಿಗಿಳಿದರೆ, ಕ್ಯಾಮೆರಾದ ಬಳಿಯಿರುವ ಮೈಕಿಗೆ ಸದ್ದು ಒಂದು ಸೆಕೆಂಡು ತಡವಾಗಿ ತಲುಪಬೇಕು. ದೂರದ ಮಸೂರ ಹಕ್ಕಿಯನ್ನು ಹತ್ತಿರಕ್ಕೆ ತಂದು ತೋರಿಸುತ್ತದೆ; ಸದ್ದನ್ನು ತರುವುದಿಲ್ಲ. ಹೀಗಾಗಿ ಅನೇಕ ಚಿತ್ರಗಳಲ್ಲಿ ಸದ್ದನ್ನು ಬೇರೆಯಾಗಿ ಧ್ವನಿಮುದ್ರಿಸಿ ಸೇರಿಸುತ್ತಾರೆ. ಅದೇ ಕೆರೆಯಲ್ಲಿ, ಅದೇ ಹಕ್ಕಿಯ ಸದ್ದನ್ನು ಹಿಡಿದಿದ್ದರೆ ಅದು ಮೋಸವಲ್ಲ. ಬೇರೆ ಬಾತಿನ ಕೂಗನ್ನು ಸೇರಿಸಿದರೆ ಮೋಸ.

ಮುಂದಿನ ಸಲ ಟಿ.ವಿ.ಯಲ್ಲಿ ಹಕ್ಕಿಗಳು ಕೆರೆಗಿಳಿಯುವುದನ್ನು ಕಂಡಾಗ ಚಿಮ್ಮುವ ನೀರನ್ನೂ ಅದರ ಸದ್ದನ್ನೂ ಹೋಲಿಸಿ ನೋಡಿ. ಹಕ್ಕಿ ದೂರದಲ್ಲಿದ್ದೂ ಎರಡೂ ಒಂದೇ ಕ್ಷಣದಲ್ಲಿ ಬಂದರೆ, ಆ ಸದ್ದನ್ನು ಆಮೇಲೆ ಹೊಂದಿಸಿರುವ ಸಾಧ್ಯತೆ ಹೆಚ್ಚು.