ನರಸಾಪುರದ ಗಲಭೆ: ಮಾಸ್ಲೊ ಉತ್ತರವೋ, ಹರ್ಜ್‌ಬರ್ಗ್ ಉತ್ತರವೋ?

2020ರ ಡಿಸೆಂಬರ್ 12ರ ಬೆಳಿಗ್ಗೆ, ಕೋಲಾರ ಜಿಲ್ಲೆ ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದವರು ಗಾಜು ಒಡೆದರು, ವಾಹನ ಉರುಳಿಸಿದರು. ₹21,000 ಸಂಬಳವೆಂದು ಕರೆತಂದು ಕೊನೆಗೆ ₹12,000 ಕೊಟ್ಟರೆಂಬುದು ಕೆಲವು ಎಂಜಿನಿಯರಿಂಗ್ ಪದವೀಧರರ ದೂರು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ವೇತನ ಸಂದಿಲ್ಲವೆಂದು ಕಂಪನಿಯೂ ಒಪ್ಪಿತು.

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಬಿಬಿಎ ತರಗತಿಗಳಿಗೆ ಇದು ಮನೆ ಬಾಗಿಲಲ್ಲೇ ಸಿಕ್ಕ ಪರೀಕ್ಷಾ ಪ್ರಶ್ನೆ. ‘ಸಂಬಳ’ ಎಂಬ ಪದ ಕಂಡೊಡನೆ ಮಾಸ್ಲೊನ ಕೆಳ ಮೆಟ್ಟಿಲನ್ನು ಬರೆಯುವುದು ವಿದ್ಯಾರ್ಥಿಗಳ ಸಾಮಾನ್ಯ ತಪ್ಪು. ಸಂಬಳ ಮಾಸ್ಲೊ, ಹರ್ಜ್‌ಬರ್ಗ್ ಇಬ್ಬರ ಸಿದ್ಧಾಂತಗಳಲ್ಲೂ ಇದೆ. ಆದ್ದರಿಂದ ನೋಡಬೇಕಾದದ್ದು ಪ್ರಶ್ನೆ ಏನು ಕೇಳುತ್ತದೆ ಎಂಬುದನ್ನು.

ಮಾಸ್ಲೊ 1943ರಲ್ಲಿ ಹೇಳಿದ್ದು ಮನುಷ್ಯನ ಬಗ್ಗೆ: ಹಸಿವು, ಭದ್ರತೆ, ಒಡನಾಟ, ಗೌರವ, ಕೊನೆಗೆ ತನ್ನ ಸಾಮರ್ಥ್ಯದ ಸಾಕಾರ. ಕೆಳಗಿನದು ಬಹುಮಟ್ಟಿಗೆ ತೀರಿದಾಗ ಮೇಲಿನದು ಎಚ್ಚರಗೊಳ್ಳುತ್ತದೆ. ಹರ್ಜ್‌ಬರ್ಗ್ 1959ರಲ್ಲಿ ಹೇಳಿದ್ದು ಕೆಲಸದ ಬಗ್ಗೆ. ಸಂಬಳ, ಕಂಪನಿಯ ನೀತಿ, ಮೇಲ್ವಿಚಾರಣೆ ಕೆಟ್ಟರೆ ಅಸಮಾಧಾನ ಹುಟ್ಟುತ್ತದೆ. ಇವು ಹೈಜೀನ್ ಅಂಶಗಳು. ಅವು ಸರಿಯಾದರೆ ಗೊಣಗಾಟ ನಿಲ್ಲುತ್ತದೆ, ಅಷ್ಟೆ. ಹುಮ್ಮಸ್ಸು ಹುಟ್ಟಲು ಸಾಧನೆ, ಮನ್ನಣೆ, ಜವಾಬ್ದಾರಿಗಳಂಥ ಪ್ರೇರಕ ಅಂಶಗಳೇ ಬೇಕು.

ಈಗ ನರಸಾಪುರ. ‘ಕಾರ್ಮಿಕರು ಏಕೆ ಸಿಡಿದೆದ್ದರು, ಬಾಕಿ ಕೊಟ್ಟರೆ ಉತ್ಸಾಹ ಬರುವುದೇ?’ ಎಂದು ಕೇಳಿದರೆ ಹರ್ಜ್‌ಬರ್ಗ್. ಗಲಭೆಯ ನಂತರದ ತಪಾಸಣೆಯಲ್ಲಿ ಹಾಜರಾತಿ ದಾಖಲೆಯ ಲೋಪವೂ, ಅಷ್ಟೊಂದು ಜನರನ್ನು ನಿಭಾಯಿಸಲಾಗದ ಎಚ್‌ಆರ್ ವಿಭಾಗವೂ ಹೊರಬಿದ್ದವು. ಇವು ಹಸಿವಿನ ಮೆಟ್ಟಿಲಿನವಲ್ಲ, ಕೆಟ್ಟ ಆಡಳಿತದ ಕುರುಹುಗಳು. ಬಾಕಿ ಕೊಟ್ಟರೆ ಸಿಟ್ಟು ಇಳಿಯುತ್ತದೆ. ಹನ್ನೆರಡು ಗಂಟೆ ಒಂದೇ ತಿರುಪು ಬಿಗಿಯುವ ಕೆಲಸದ ಮೇಲೆ ಪ್ರೀತಿ ಹುಟ್ಟುವುದಿಲ್ಲ.

ಪ್ರಶ್ನೆ ಬದಲಿಸಿ ನೋಡಿ. ಒಬ್ಬ ಗುತ್ತಿಗೆ ಕಾರ್ಮಿಕ ಕಾಯಂ ಆಗಲು ಹಂಬಲಿಸುತ್ತಾನೆ. ಕಾಯಂ ಆದವಳು ತಂಡದ ಸ್ನೇಹ ಬಯಸುತ್ತಾಳೆ. ಹಳಬ ಲೈನ್ ಲೀಡರ್ ಪಟ್ಟ ಕೇಳುತ್ತಾನೆ. ‘ಯಾರಿಗೆ ಏನು ಕೊಡಬೇಕು?’ ಎಂಬುದು ಪ್ರಶ್ನೆಯಾದರೆ ಮಾಸ್ಲೊ. ಭದ್ರತೆ, ಒಡನಾಟ, ಗೌರವ ಎಂದು ಒಬ್ಬೊಬ್ಬರನ್ನೂ ಅವರವರ ಮೆಟ್ಟಿಲಲ್ಲಿ ನಿಲ್ಲಿಸಬಹುದು.

ಒಂದು ಎಚ್ಚರಿಕೆ. ಹರ್ಜ್‌ಬರ್ಗ್ ಮಾತನಾಡಿಸಿದ್ದು ಪಿಟ್ಸ್‌ಬರ್ಗ್ ಸುತ್ತಲಿನ ಸುಮಾರು 200 ಎಂಜಿನಿಯರುಗಳು ಮತ್ತು ಲೆಕ್ಕಿಗರನ್ನು. ತಂಗಿಯ ಫೀಸು, ಅಪ್ಪನ ಬೋರ್‌ವೆಲ್ ಸಾಲ ಎರಡನ್ನೂ ಒಂದೇ ಸಂಬಳದಲ್ಲಿ ತೂಗಿಸುವ ಹುಡುಗನಿಗೆ ಹಣವೇ ಪ್ರೇರಕವಾಗಬಹುದು. ಉತ್ತರದ ಕೊನೆಗೆ ಈ ಮಿತಿಯನ್ನೂ ಬರೆದವನಿಗೆ ಸಿದ್ಧಾಂತದ ಜೊತೆ ನರಸಾಪುರವೂ ಅರ್ಥವಾಗಿದೆ.