ಬಂದಾಳ, ಬಂದಾಳು, ಬಂದಳು

'ಅಕ್ಕ ನಿನ್ನೆ ಹಡಗಲಿಯಿಂದ ____ (ಬರು)'. ಬಿಟ್ಟ ಸ್ಥಳ ತುಂಬಲು ಮಕ್ಕಳಿಗೆ ಕೊಡುವ ಇಂಥ ವಾಕ್ಯಕ್ಕೆ ಪುಸ್ತಕದ ಹಿಂದಿನ ಉತ್ತರ ಒಂದೇ: ಬಂದಳು. ಕೊಟ್ಟೂರು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಮಗು 'ಬಂದಾಳ' ಎಂದು ಬರೆದರೆ ಕೆಂಪು ಗೀಟು ಬೀಳುತ್ತದೆ. ಕುಂ. ವೀರಭದ್ರಪ್ಪನವರ ಕಥೆಗಳಲ್ಲಿ ಈ ಸೀಮೆಯ ಮಾತನ್ನು ಸವಿಯುವ ನಾವೇ ತರಗತಿಯಲ್ಲಿ ಅದನ್ನು ಹೊಡೆದುಹಾಕುತ್ತೇವೆ. ಇರಲಿ, ಬರಹದ ಕನ್ನಡ ಕಲಿಸಲೇಬೇಕು. ಆದರೆ ಮಗು ತಪ್ಪಿದ್ದು ಎಲ್ಲಿ?

ಧಾತು, ಕಾಲಸೂಚಕ ಪ್ರತ್ಯಯ, ಆಖ್ಯಾತ ಪ್ರತ್ಯಯ ಎಂಬ ಮೂರು ಕಡೆ ನೋಡಬೇಕು. 'ಬರು' ಭೂತಕಾಲದಲ್ಲಿ 'ಬಂ' ಆಗಿ, ಅದಕ್ಕೆ 'ದ' ಸೇರಿ, ಕೊನೆಗೆ 'ಅಳು' ಹತ್ತುತ್ತದೆ. 'ಬರಿದಳು' ಎಂದು ಬರೆದ ಮಗು 'ಮಾಡಿದಳು' ಮಾದರಿಯನ್ನು ಹಿಡಿದು ಹೊರಟಿದೆ. ಅದರ ತೊಡಕು ಧಾತುವಿನದು, ಲಿಂಗ ವಚನಗಳದ್ದಲ್ಲ. ಆಂಧ್ರದ ಗಡಿಗೆ ಹತ್ತಿರದ ಕೂಡ್ಲಿಗಿ ಕಡೆ ಮನೆಯಲ್ಲಿ ತೆಲುಗು ಆಡುವ ಮಗು 'ಅಕ್ಕ ಬಂತು' ಎಂದರೆ ಕಾರಣವೇ ಬೇರೆ. ತೆಲುಗಿನ ಏಕವಚನದಲ್ಲಿ ಹೆಣ್ಣಿಗೂ ಹಸುವಿಗೂ 'ವಚ್ಚಿಂದಿ' ಒಂದೇ.

'ಬಂದಾಳ' ಬರೆದ ಮಗುವಿಗೆ ಇವೆರಡೂ ತೊಡಕಿಲ್ಲ. ಧಾತು ಸರಿ, ಹೆಣ್ಣೆಂಬುದೂ ಒಬ್ಬಳೆಂಬುದೂ ಸರಿ. ಆ ಸೀಮೆಯ 'ಬಂದಾಳ' ಎಂದರೆ ಬರಹದ 'ಬಂದಿದ್ದಾಳೆ'. ಬಂದವಳು ಇನ್ನೂ ಮನೆಯಲ್ಲೇ ಇದ್ದಾಳೆ ಎಂಬ ಅರ್ಥ ಅದರಲ್ಲಿದೆ. ಇದನ್ನು ಗಮನಿಸದೆ, ಮಗು ಕೊನೆಯ ಉಕಾರ ಬಿಟ್ಟಿದೆ ಎಂದುಕೊಂಡು ಕೊಂಬು ಹಚ್ಚಿದರೆ 'ಬಂದಾಳು' ಆಗುತ್ತದೆ. ಬರಹದಲ್ಲಿ ಅದು ಸಂಭಾವನಾರ್ಥಕ, ಬಂದರೂ ಬರಬಹುದು ಎಂದರ್ಥ. 'ನಿನ್ನೆ ಬಂದಾಳು' ಎಂದು ಯಾರೂ ಹೇಳುವುದಿಲ್ಲ. ತಿದ್ದುವವರೇ ಹೊಸ ತಪ್ಪೊಂದನ್ನು ಕೂಡಿಸಿದಂತಾಯಿತು.

ಪರೀಕ್ಷಿಸುವುದು ಸುಲಭ. 'ಅಕ್ಕ ಈಗ ಎಲ್ಲದಾಳ?' ಎಂದು ಕೇಳಿ. 'ಮನ್ಯಾಗ ಅದಾಳ' ಎಂದರೆ ಮಗು ತನಗನಿಸಿದ್ದನ್ನೇ ಬರೆದಿದೆ. ಆಗ ಬದಲಿಸಬೇಕಾದದ್ದು ಪ್ರಶ್ನೆಯನ್ನು: 'ಅಕ್ಕ ನಿನ್ನೆ ಹಡಗಲಿಯಿಂದ ____, ರಾತ್ರಿಯೇ ತಿರುಗಿ ಹೋದಳು.' ಇಲ್ಲಿ ಆ ಮಗುವೂ 'ಬಂದಾಳ' ಎನ್ನದು, ಅದರ ಬಾಯಲ್ಲೇ 'ಬಂದ್ಳು' ಬರುತ್ತದೆ. ಅಲ್ಲಿಂದ 'ಬಂದಳು' ಬರೆಯಲು ಒಂದು ಅಕ್ಷರ ಬಿಡಿಸಿದರೆ ಸಾಕು.

ಇನ್ನು ಭವಿಷ್ಯತ್ಕಾಲ. 'ನಾಳೆ ಅಕ್ಕ ____' ಎಂಬಲ್ಲಿ ಪುಸ್ತಕ 'ಬರುವಳು' ಬಯಸುತ್ತದೆ. ಮಾತಿನಲ್ಲಿ ಎಲ್ಲರೂ ಹೇಳುವುದು 'ಬರ್ತಾಳ' ಅಥವಾ 'ಬರ್ತಾಳೆ'. ಕನ್ನಡದ ಕ್ರಿಯಾಪದ ಮುಖ್ಯವಾಗಿ ತೋರುವುದು ಭೂತ ಮತ್ತು ಭೂತವಲ್ಲದ್ದು ಎಂಬ ಎರಡು ಕಾಲಗಳನ್ನು ಎಂದು ಡಿ.ಎನ್. ಶಂಕರ ಭಟ್ಟರು ವಾದಿಸಿದ್ದಾರೆ. ಆ ವಾದವನ್ನು ಪೂರ್ತಿ ಒಪ್ಪದವರೂ 'ನಾಳೆ ಬರುತ್ತಾಳೆ' ಎಂಬುದಕ್ಕೆ ಅಂಕ ಕಳೆಯಬಾರದೆಂಬುದು ನಮ್ಮ ಅಭಿಪ್ರಾಯ. 'ಬರುವಳು' ಮಾತ್ರ ಬೇಕಿದ್ದರೆ ಪ್ರಶ್ನೆಯ ಮೇಲೆ ಒಂದು ಮಾದರಿ ವಾಕ್ಯ ಕೊಟ್ಟುಬಿಡಲಿ.