ದೇವರ ಎತ್ತಿಗೆ ಬೇರೆ ಹೆಸರು ಬೇಡ

ಈ ಸಂಚಿಕೆಯಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಬ್ಬಗಳನ್ನು ಕುರಿತ ಬರಹಗಳಿವೆ. ಇವು ಇಂಗ್ಲಿಷಿಗೂ ಅನುವಾದವಾಗುತ್ತಿವೆ. ಆಚರಣೆಯ ಮಾತುಗಳನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಒಂದು ಸಾಲಿನ ಅರ್ಥ ಕೊಡಬೇಕೆಂದು ಅನುವಾದಕರಲ್ಲಿ ಕೇಳಿಕೊಂಡಿದ್ದೇವೆ. ಅದಕ್ಕೆ ಕಾರಣ ಹೇಳುವುದು ನಮ್ಮ ಹೊಣೆ.

ಬರಗಾಲದ ಬರಹವೊಂದರಲ್ಲಿ ಈ ಸಾಲಿದೆ: 'ಮೇವು ತೀರಿದರೂ ಕಿಲಾರಿ ದೇವರ ಎತ್ತುಗಳನ್ನು ಬಿಟ್ಟು ಹೋಗಲಿಲ್ಲ.' ಅನುವಾದದ ಮೊದಲ ಕರಡಿನಲ್ಲಿ ದೇವರ ಎತ್ತು 'ಟೆಂಪಲ್ ಬುಲ್' ಆಗಿತ್ತು, ಕಿಲಾರಿ 'ಕೌಹರ್ಡ್' ಆಗಿದ್ದ. ಓದಿದವರ ಕಣ್ಣಿಗೆ ಕಟ್ಟುವುದು ಗುಡಿಯ ಮುಂದೆ ಸಿಂಗರಿಸಿ ನಿಲ್ಲಿಸಿದ ಒಂದು ಬಸವ, ಅದರ ಪಕ್ಕ ಒಬ್ಬ ಕೂಲಿಯಾಳು. ಮ್ಯಾಸ ನಾಯಕರ ದೇವರ ಎತ್ತುಗಳಾದರೋ ಗುಡಿಯಲ್ಲಿ ಕಟ್ಟಿಹಾಕಿದವಲ್ಲ. ಅವು ಮಂದೆಯಾಗಿ ಕುರುಚಲು ಕಾಡಿನಲ್ಲಿ ಮೇಯುತ್ತವೆ, ರಾತ್ರಿ ರೊಪ್ಪದಲ್ಲಿ ತಂಗುತ್ತವೆ. ಅವುಗಳಿಗೆ ನೊಗ ಹೂಡುವಂತಿಲ್ಲ, ಸಂತೆಗೆ ಹೊಡೆಯುವಂತಿಲ್ಲ. ಸತ್ತರೆ ಹೂಳಿ ಪೂಜೆ ಸಲ್ಲಿಸುತ್ತಾರೆ. ಕಿಲಾರಿ ದಿನಗೂಲಿಗೆ ಬಂದವನಲ್ಲ; ದೇವರ ಸೇವೆಯೆಂದು ನೇಮ ಹಿಡಿದವನು.

ಇದು ತಿಳಿಯದಿದ್ದರೆ ದೂರದ ಓದುಗ ಕೇಳುವುದು ಒಂದೇ ಪ್ರಶ್ನೆ: ಮೇವಿಲ್ಲದ ಮೇಲೆ ಮಾರಬಾರದೇಕೆ? ಆ ಪ್ರಶ್ನೆಗೆ ಉತ್ತರ ಅರ್ಥದ ಸಾಲಿನಲ್ಲೇ ಇರಬೇಕು. ಈಗ ಅಚ್ಚಿಗೆ ಹೋಗುತ್ತಿರುವುದು ಹೀಗೆ: ದೇವರ ಎತ್ತು, ಅಂದರೆ ದೇವರಿಗೆ ಬಿಟ್ಟ, ಹೂಡದ, ಮಾರದ ದನ; ಕಿಲಾರಿ, ಅಂದರೆ ನೇಮ ಹಿಡಿದು ಅವನ್ನು ಕಾಯುವವನು. ಎರಡೂ ಮೊದಲ ಸಲ ಬಂದಲ್ಲಿ ಮಾತ್ರ. ಮುಂದೆ ಬರಿಯ ಹೆಸರು ಸಾಕು, ಅಷ್ಟರಲ್ಲಿ ಓದುಗನಿಗೆ ಅದು ಪರಿಚಯವಾಗಿರುತ್ತದೆ.

ಹಬ್ಬದ ಹಾರೈಕೆಗಳ ಕಷ್ಟ ಬೇರೆ. ವಿಜಯದಶಮಿಯ ಸಂಜೆ ಕಿರಿಯರು ಹಿರಿಯರ ಕೈಗೆ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟುತ್ತಾರೆ. 'ಬನ್ನಿ ತಗೊಂಡು ಬಂಗಾರದಂಗೆ ಇರೋಣ' ಎನ್ನುತ್ತಾರೆ. ಮುನಿಸಿಕೊಂಡವರೂ ಅಂದು ಒಬ್ಬರಿಗೊಬ್ಬರು ಬನ್ನಿ ಕೊಟ್ಟು ಮಾತಾಡುತ್ತಾರೆ. ಇದನ್ನು 'ಹ್ಯಾಪಿ ದಸರಾ' ಎಂದು ಬರೆದರೆ ಎಲೆಯೂ ಇಲ್ಲ, ಕೊಡುವ ಕೈಯೂ ಇಲ್ಲ. ಮಾತನ್ನು ಹಾಗೆಯೇ ಬರೆದು, 'ಬನ್ನಿ ಎಲೆಯನ್ನು ಬಂಗಾರವೆಂದು ಕೊಟ್ಟು ತೆಗೆದುಕೊಳ್ಳುವಾಗ ಆಡುವ ಮಾತು' ಎಂದರೆ ಸಾಕು. ಮೊಹರಂ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 680ರಲ್ಲಿ ಕರ್ಬಲಾದಲ್ಲಿ ಹುಸೇನರು ಹುತಾತ್ಮರಾದ ದುಃಖದ ದಿನ ಅದು. ಶುಭಾಶಯ ಹೇಳುವುದು ಹಲವರಿಗೆ ನೋವು. ಹಳ್ಳಿಗಳಲ್ಲಿ ಅದೇ ಬಾಬಯ್ಯನ ಹಬ್ಬವಾಗಿ, ಹಿಂದೂಗಳೂ ಹರಕೆ ಹೊತ್ತು ಸಕ್ಕರೆ ಓದಿಸುತ್ತಾರೆ. 'ಸಕ್ಕರೆ ಅರ್ಪಿಸಿದರು' ಎಂದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಸಕ್ಕರೆಯ ಮೇಲೆ ಫಾತಿಹಾ ಓದಿಸುವುದೇ ಅಲ್ಲಿಯ ಕ್ರಿಯೆ.

ಮಾತನ್ನು ಉಳಿಸಿ ಪಕ್ಕದಲ್ಲಿ ಅರ್ಥ ಕೊಡುವುದು ನಾವು ಹೊಸದಾಗಿ ಕಂಡುಕೊಂಡ ದಾರಿಯಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಶಾಸನ ಅಶೋಕನದು. ಅದೇ ಅರಸನ ಮಾತು ಗ್ರೀಕ್ ಭಾಷೆಯಲ್ಲಿರುವ ಇನ್ನೊಂದು ಶಾಸನ 1963ರಲ್ಲಿ ಕಂದಹಾರದಲ್ಲಿ ಸಿಕ್ಕಿತು. ಅಲ್ಲಿಯ ಅನುವಾದಕ ಧಮ್ಮಕ್ಕೆ 'ಯುಸೆಬಿಯ' ಎಂಬ ಗ್ರೀಕ್ ಮಾತು ಹಾಕಿದ. ಅದು ಭಕ್ತಿ ಎಂಬುದಕ್ಕೆ ಹತ್ತಿರ. ಆದರೆ ಬ್ರಾಹ್ಮಣ, ಶ್ರಮಣ ಎಂಬ ಹೆಸರುಗಳನ್ನು ಗ್ರೀಕ್ ಅಕ್ಷರದಲ್ಲೇ ಉಳಿಸಿ, ಅವರ ಜೊತೆಗೆ ಯುಸೆಬಿಯದಲ್ಲಿ ತೊಡಗಿದ ಇತರರನ್ನೂ ಸೇರಿಸಿದ. ಓದಿದ ಗ್ರೀಕನಿಗೆ ಇವರು ಎಂಥವರೆಂಬ ಸುಳಿವು ಅದೇ ವಾಕ್ಯದಲ್ಲಿ ಸಿಕ್ಕಿತು.

ಎಲ್ಲ ಮಾತನ್ನೂ ಉಳಿಸಬೇಕೆಂದು ಇದರ ಅರ್ಥವಲ್ಲ. ಹೂವು, ಎಣ್ಣೆ, ದೀಪ, ತೇರು ಅನುವಾದವಾಗಲಿ. ಪುಟಕ್ಕೆ ಹತ್ತು ಅಪರಿಚಿತ ಮಾತು ಬಂದರೆ ಓದುಗ ಪುಸ್ತಕ ಮುಚ್ಚುತ್ತಾನೆ. ಬೇರೆ ಪದ ಹಾಕಿದಾಗ ಯಾರು ಯಾರಿಗೆ ಏನು ಮಾಡುತ್ತಾರೆ, ಏನು ಮಾಡಬಾರದು ಎಂಬುದು ಅಳಿಸಿಹೋಗುತ್ತದೆಯೋ ನೋಡಿ. ಅಳಿಸಿಹೋದರೆ ಮೂಲದ ಮಾತೇ ಇರಲಿ. ಅರ್ಥ ಬರೆಯುವಾಗ ಇನ್ನೊಂದು ಧರ್ಮದ ಆಚರಣೆಗೆ ಹೋಲಿಸಿ ಮುಗಿಸಬೇಡಿ.

ನಮಗೆ ಬರೆಯುವವರಲ್ಲಿ, ಅನುವಾದಿಸುವವರಲ್ಲಿ ಒಂದೇ ವಿನಂತಿ: ಆ ಒಂದು ಸಾಲನ್ನು ನಿಘಂಟು ನೋಡಿ ಬರೆಯಬೇಡಿ. ಕಿಲಾರಿಯನ್ನು, ಸಕ್ಕರೆ ಓದಿಸಿದ ತಾಯಿಯನ್ನು ಕೇಳಿ ಬರೆಯಿರಿ.